ಮಾರ್ಚ್‌ನಲ್ಲಿ ಬೇಡ ಅಂದ ಎಚ್‌ಆರ್ ಮೇಡಂಗೆ ಈಗ ನವೆಂಬರ್‌ನಲ್ಲಿ ಮತ್ತೆ ಮೇಲ್ ಹಾಕಬಹುದಾ? ಧಾರವಾಡ, ಹೆಚ್ಚುಕಡಿಮೆ ಅದೇ ಹುದ್ದೆ

ಗೋಕುಲ ರೋಡ್ ಕ್ಯೂಸಿ | ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ಗೋಕುಲ ರೋಡಿನ ಒಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದೇನೆ. ನಾಲ್ಕು ವರ್ಷ ಆಯಿತು. ಈ ಮಾರ್ಚ್‌ನಲ್ಲಿ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಗೆ ಸಪ್ಲೈಯರ್ ಕ್ವಾಲಿಟಿ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟಿದ್ದೆ. ನೌಕ್ರಿಯಲ್ಲಿ ನನ್ನ ಪ್ರೊಫೈಲ್ ನೋಡಿ ಆ ಕಂಪನಿಯ ಎಚ್‌ಆರ್ ಮೇಡಂ ತಾವೇ ಫೋನ್ ಮಾಡಿದ್ದರು. ಎರಡು ರೌಂಡ್ ಆಯಿತು. ಆಮೇಲೆ ಬಂದದ್ದು ಎರಡು ಸಾಲಿನ ಮೇಲ್, ಬೇರೆಯವರನ್ನು ತೆಗೆದುಕೊಂಡಿದ್ದೇವೆ ಅಂತ.

ನಾನು ಫೋನ್ ಮಾಡಿ ಕೇಳಿದೆ. ಮೇಡಂ ಸಿಟ್ಟಾಗಲಿಲ್ಲ. "ಪ್ಯಾನೆಲ್‌ನವರಿಗೆ ನೀವು ಹಿಡಿಸಿದ್ದಿರಿ. ಆದರೆ ಸಪ್ಲೈಯರ್ ಕಡೆಯಿಂದ ಪಿಪ್ಯಾಪ್ ಪೂರ್ತಿ ಮಾಡಿಸಿದ ಅನುಭವ ನಿಮಗಿಲ್ಲ ಅಂತ ಬರೆದಿದ್ದಾರೆ" ಅಂದರು. ಪಿಪ್ಯಾಪ್ ಅಂದರೆ ಹೊಸ ಪಾರ್ಟನ್ನು ಸಪ್ಲೈಯರ್ ಸರಿಯಾಗಿ ಮಾಡಬಲ್ಲ ಅಂತ ಅಳತೆ, ದಾಖಲೆ ಸಮೇತ ತೋರಿಸಿ ಕಸ್ಟಮರ್ ಒಪ್ಪಿಗೆ ಪಡೆಯುವ ಕೆಲಸ.

ಈಗ ಎಂಟು ತಿಂಗಳ ನಂತರ ಅದೇ ಕಂಪನಿ ಅಂಥದ್ದೇ ಹುದ್ದೆ ಹಾಕಿದೆ. ಹೆಸರು ಸ್ವಲ್ಪ ಬೇರೆ, ಸಪ್ಲೈಯರ್ ಡೆವಲಪ್‌ಮೆಂಟ್ ಅಂತಿದೆ. ಕೆಲಸದ ವಿವರ ಮುಕ್ಕಾಲು ಭಾಗ ಅದೇ. ಜಾಬ್ ಐಡಿ ಮಾತ್ರ ಹೊಸದು. ಇದರ ನಡುವೆ ನಿನ್ನೆ ವಿದ್ಯಾನಗರದ ಒಂದು ಕನ್ಸಲ್ಟೆನ್ಸಿಯಿಂದ ಫೋನ್ ಬಂತು. "ಧಾರವಾಡದಲ್ಲಿ ಒಳ್ಳೆಯ ಓಪನಿಂಗ್ ಇದೆ, ರೆಸ್ಯೂಮೆ ಕಳಿಸಿ, ನಾವು ಹಾಕ್ತೀವಿ" ಅಂದರು. ಕೇಳುತ್ತಾ ಹೋದರೆ ಅದೇ ಹುದ್ದೆ.

ಹಳೆಯ ಮೇಡಂಗೆ ಬರೆಯಲಾ? ಕಂಪನಿಯ ಸೈಟಿನಲ್ಲಿ ಅಪ್ಲೈ ಮಾಡಲಾ? ಕನ್ಸಲ್ಟೆನ್ಸಿಗೆ ಕೊಡಲಾ? ಮೂರೂ ಕಡೆ ಹಾಕಿದರೆ ಒಳ್ಳೆಯದಾ? ಒಮ್ಮೆ ಬೇಡ ಅಂದವರ ಬಾಗಿಲು ಮತ್ತೆ ತಟ್ಟಲು ನನಗೆ ಸಂಕೋಚ ಆಗುತ್ತಿದೆ.

---

ನವನಗರ ಟೆಕ್ | ಸೋಮವಾರ ರಾತ್ರಿ 10:05

ಬ್ರದರ್, ಆರು ತಿಂಗಳು ದಾಟಿದೆ ಅಲ್ವಾ? ಹಾಗಾದರೆ ಚಿಂತೆ ಬೇಡ. ಎಲ್ಲಾ ಕಂಪನಿಯಲ್ಲೂ ಆರು ತಿಂಗಳ ರೂಲ್ ಇರುತ್ತದೆ. ಅದಾದ ಮೇಲೆ ಹಳೆಯ ರಿಜೆಕ್ಟ್ ಸಿಸ್ಟಮ್‌ನಿಂದ ಹೋಗಿರುತ್ತದೆ. ಹೊಸ ಕ್ಯಾಂಡಿಡೇಟ್ ಥರ ಅಪ್ಲೈ ಮಾಡಿ. ಇನ್ನೂ ಭಯ ಇದ್ದರೆ ಬೇರೆ ಮೇಲ್ ಐಡಿ ಮಾಡಿಕೊಂಡು ಹಾಕಿ. ಐಟಿಯಲ್ಲಿ ನನ್ನ ಫ್ರೆಂಡ್ಸ್ ಎಷ್ಟೋ ಜನ ಹಾಗೇ ಮಾಡಿದ್ದಾರೆ.

---

ಬೆಟಗೇರಿ ಹಿರಿಯ | ಸೋಮವಾರ ರಾತ್ರಿ 10:30

ತಮ್ಮಾ, ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಕೇಳುವ ಹಕ್ಕು ನಿನಗಿದೆ. ಆರ್‌ಟಿಐ ಅರ್ಜಿ ಹಾಕು. 10 ರೂಪಾಯಿ ಫೀ. ನಿನಗೆ ಎಷ್ಟು ಮಾರ್ಕ್ಸ್ ಬಂತು, ಆಯ್ಕೆಯಾದವರಿಗೆ ಎಷ್ಟು ಬಂತು ಅಂತ ಬರೆದು ಕೊಡಬೇಕಾಗುತ್ತದೆ. ನನ್ನ ಮಗನದು ವೇಟಿಂಗ್ ಲಿಸ್ಟ್‌ನಲ್ಲಿ ಇದ್ದಾಗ ನಾವು ಹಾಗೇ ಮಾಡಿದ್ದೆವು. ಸುಮ್ನೆ ಕೂರಬೇಡ.

---

ಗೋಕುಲ ರೋಡ್ ಕ್ಯೂಸಿ | ಸೋಮವಾರ ರಾತ್ರಿ 10:42

ಕಾಕಾ, ಇದು ಖಾಸಗಿ ಕಂಪನಿ, ಆರ್‌ಟಿಐ ಅರ್ಜಿ ಅಲ್ಲಿ ನಡೆಯುವುದಿಲ್ಲ. ಕಾರಣ ನನಗೆ ಗೊತ್ತಿದೆ, ಮೇಡಂ ಫೋನಿನಲ್ಲೇ ಹೇಳಿದ್ದರು. ಮತ್ತೆ ಹೇಗೆ ಮಾತು ಶುರು ಮಾಡುವುದು ಅನ್ನುವುದೇ ನನ್ನ ಪ್ರಶ್ನೆ. ಆದರೂ ಕಾಳಜಿಯಿಂದ ಬರೆದಿದ್ದೀರಿ, ಖುಷಿ ಆಯಿತು.

---

ಮಾಳಮಡ್ಡಿ ಅಕ್ಕ | ಸೋಮವಾರ ರಾತ್ರಿ 11:20

ತಮ್ಮಾ, ನಾನು ಒಂಬತ್ತು ವರ್ಷ ಇದೇ ಕೆಲಸ ಮಾಡಿದವಳು. ಮೊದಲ ನಾಲ್ಕು ವರ್ಷ ಕನ್ಸಲ್ಟೆನ್ಸಿಯಲ್ಲಿ, ಆಮೇಲೆ ಐದು ವರ್ಷ ಒಂದು ಕಾರ್ಖಾನೆಯ ಎಚ್‌ಆರ್‌ನಲ್ಲಿ. ಎರಡೂ ಕಡೆಯಿಂದ ನೋಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲಿಗೆ ಒಂದು ಮಾತು. ಈ ರಾತ್ರಿ ಎಲ್ಲೂ ಅಪ್ಲೈ ಬಟನ್ ಒತ್ತಬೇಡಿ. ಕನ್ಸಲ್ಟೆನ್ಸಿಗೆ ರೆಸ್ಯೂಮೆ ಕಳಿಸಲೇಬೇಡಿ.

ಯಾಕೆ ಅಂದರೆ, ಕಂಪನಿಗೂ ಕನ್ಸಲ್ಟೆನ್ಸಿಗೂ ಒಂದು ಕರಾರು ಇರುತ್ತದೆ. ಅವರು ಕಳಿಸಿದ ಹುಡುಗ ಸೇರಿದರೆ ಕಂಪನಿ ಅವರಿಗೆ ಫೀ ಕೊಡಬೇಕು. ನಮ್ಮ ಕಡೆ ಸಾಮಾನ್ಯವಾಗಿ ನಡೆಯುವ ರೇಟು 8.33 ಪರ್ಸೆಂಟ್, ಅಂದರೆ ವರ್ಷದ ಸಿಟಿಸಿಯಲ್ಲಿ ಒಂದು ತಿಂಗಳದ್ದು. ನಿಮಗೆ 6 ಲಕ್ಷ ಕೊಟ್ಟರೆ ಸುಮಾರು 50,000 ರೂಪಾಯಿ ಅವರಿಗೆ. ನೀವು ಮಾರ್ಚ್‌ನಲ್ಲೇ ನೇರವಾಗಿ ಬಂದವರು. ನಿಮ್ಮ ಹೆಸರು, ಮೊಬೈಲ್ ನಂಬರ್, ಪ್ಯಾನೆಲ್ ಬರೆದ ಮಾತು ಆಗಲೇ ಅವರ ಸಿಸ್ಟಮ್‌ನಲ್ಲಿ ಇದೆ. ಈಗ ಅದೇ ನಂಬರ್ ಕನ್ಸಲ್ಟೆನ್ಸಿ ಕಡೆಯಿಂದ ಬಂದರೆ ಸಿಸ್ಟಮ್ ಡುಪ್ಲಿಕೇಟ್ ಅಂತ ತೋರಿಸುತ್ತದೆ. ಆಗ ಎಚ್‌ಆರ್ ಎದುರು ಜಗಳ ಒಂದು ಬಂದು ಕೂರುತ್ತದೆ, ಈ ಹುಡುಗ ಯಾರ ಹುಡುಗ ಅಂತ. ಇಪ್ಪತ್ತು ಪ್ರೊಫೈಲ್ ಕೈಯಲ್ಲಿ ಇರುವಾಗ ಆ ಜಗಳ ಯಾರಿಗೂ ಬೇಡ. ನಾನೇ ಅಂಥ ಎಷ್ಟೋ ಹೆಸರುಗಳನ್ನು ಬದಿಗೆ ಸರಿಸಿದ್ದೇನೆ. ಅವರದೇನೂ ತಪ್ಪಿರಲಿಲ್ಲ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಹಾಗಾಗಿ ಕನ್ಸಲ್ಟೆನ್ಸಿಯವರಿಗೆ ನಾಳೆ ಬೆಳಿಗ್ಗೆ ಒಂದು ಮೆಸೇಜ್ ಹಾಕಿ. "ಈ ಕಂಪನಿಯಲ್ಲಿ ಮಾರ್ಚ್‌ನಲ್ಲಿ ನೇರವಾಗಿ ಇಂಟರ್‌ವ್ಯೂ ಕೊಟ್ಟಿದ್ದೇನೆ. ಈ ಹುದ್ದೆಗೆ ನನ್ನ ಪ್ರೊಫೈಲ್ ಕಳಿಸಬೇಡಿ. ಬೇರೆ ಕಂಪನಿ ಇದ್ದರೆ ಖಂಡಿತ ಹೇಳಿ." ಫೋನಿನಲ್ಲಿ ಹೇಳಿದರೆ ಸಾಲದು, ಬರವಣಿಗೆಯಲ್ಲಿ ಇರಬೇಕು. ನೌಕ್ರಿಯಲ್ಲಿ ನಿಮ್ಮ ರೆಸ್ಯೂಮೆ ಅವರಿಗೂ ಸಿಗುತ್ತದೆ. ನಿಮ್ಮನ್ನು ಕೇಳದೆಯೇ ಕಳಿಸಿಬಿಡುವವರು ಇದ್ದಾರೆ.

ಇನ್ನು ನವನಗರದವರು ಹೇಳಿದ್ದು ಅರ್ಧ ಸರಿ. ಆರು ತಿಂಗಳ ಕಾಯುವಿಕೆ ಬಹಳ ಕಡೆ ಇದೆ, ಕೆಲವು ಕಡೆ ಮೂರು ತಿಂಗಳು, ಕೆಲವು ಕಡೆ ವರ್ಷ, ಸಣ್ಣ ಕಂಪನಿಗಳಲ್ಲಿ ಏನೂ ಇಲ್ಲ. ಆದರೆ ಆ ಅವಧಿ ಮುಗಿದರೆ ಮತ್ತೆ ಅಪ್ಲೈ ಮಾಡಬಹುದು ಅಷ್ಟೇ, ಹಳೆಯ ದಾಖಲೆ ಅಲ್ಲೇ ಇರುತ್ತದೆ. ನೀವು ಯಾವ ರೌಂಡ್‌ನಲ್ಲಿ ನಿಂತಿರಿ, ಪ್ಯಾನೆಲ್ ಏನು ಬರೆದಿತ್ತು, ಎಷ್ಟು ಸಂಬಳ ಕೇಳಿದ್ದಿರಿ, ಎಲ್ಲವೂ ಕಾಣುತ್ತದೆ. ಹೊಸ ಮೇಲ್ ಐಡಿಯಿಂದ ಹಾಕಿದರೆ ಮೊಬೈಲ್ ನಂಬರ್ ಹಿಡಿದುಕೊಡುತ್ತದೆ. ಎರಡನ್ನೂ ಬದಲಿಸಿದರೆ, ಇಂಟರ್‌ವ್ಯೂಗೆ ಹೋದಾಗ ಅದೇ ಮೇಡಂ ನಿಮ್ಮ ಮುಖ ಗುರುತು ಹಿಡಿಯುತ್ತಾರೆ. ಆಗ ಪಿಪ್ಯಾಪ್ ಬರುವುದಿಲ್ಲ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಎದ್ದುಬಿಡುತ್ತದೆ.

ನಿಮ್ಮ ವಿಷಯದಲ್ಲಿ ಹಳೆಯ ದಾಖಲೆ ಶತ್ರು ಅಲ್ಲ. "ಹುಡುಗ ಹಿಡಿಸಿದ, ಇದೊಂದು ಇಲ್ಲ" ಅಂತ ಬರೆದಿದ್ದಾರೆ. ರಿಕ್ರೂಟರ್‌ಗೆ ಇಂಥ ಹೆಸರು ಕಂಡರೆ ಅರ್ಧ ಕೆಲಸ ಮುಗಿದ ಹಾಗೆ. ಈಗ ನನಗೆ ಒಂದೇ ಪ್ರಶ್ನೆ, ಆ "ಇದೊಂದು" ಈ ಎಂಟು ತಿಂಗಳಲ್ಲಿ ಬಂತಾ? ಬಂದಿದ್ದರೆ ಬರೆಯಿರಿ. ಬಂದಿಲ್ಲದಿದ್ದರೆ ಎಂಟು ತಿಂಗಳಾದರೂ ಉತ್ತರ ಅದೇ ಆಗಿರುತ್ತದೆ.

---

ರಾಣೆಬೆನ್ನೂರು ಫೀಲ್ಡ್ | ಮಂಗಳವಾರ ಬೆಳಿಗ್ಗೆ 6:50

ನನ್ನದೂ ಹೇಳುತ್ತೇನೆ. ನಮ್ಮೂರಲ್ಲಿ ಬೀಜದ ಕಂಪನಿಗಳು ಜಾಸ್ತಿ. ಒಂದು ಕಡೆ ಫೀಲ್ಡ್ ಆಫೀಸರ್ ಕೆಲಸ ಕೈತಪ್ಪಿತು, ಬೈಕ್ ಲೈಸೆನ್ಸ್ ಇನ್ನೂ ಬಂದಿರಲಿಲ್ಲ. ನಾನು ಪ್ರತಿ ಸೋಮವಾರ ಎಚ್‌ಆರ್ ಸರ್‌ಗೆ "ಗುಡ್ ಮಾರ್ನಿಂಗ್ ಸರ್, ಏನಾದರೂ ಓಪನಿಂಗ್ ಇದೆಯಾ" ಅಂತ ವಾಟ್ಸಾಪ್ ಹಾಕುತ್ತಿದ್ದೆ. ಎರಡು ತಿಂಗಳ ನಂತರ ಅವರ ಫೋಟೋ ಕಾಣುವುದೇ ನಿಂತಿತು. ಬ್ಲಾಕ್ ಮಾಡಿದ್ದರು ಅನ್ನಿಸುತ್ತದೆ. ಆಮೇಲೆ ಲೈಸೆನ್ಸ್ ಬಂತು. ಈಗ ಅದನ್ನು ಯಾರಿಗೆ ಹೇಳುವುದು ಗೊತ್ತಾಗುತ್ತಿಲ್ಲ. ಮುಂಗಾರಿಗೆ ಮುಂಚೆ, ಫೆಬ್ರವರಿ ಮಾರ್ಚ್‌ನಲ್ಲಿ ಅವರು ಮತ್ತೆ ಜನರನ್ನು ತೆಗೆದುಕೊಳ್ಳುತ್ತಾರೆ.

---

ಮಾಳಮಡ್ಡಿ ಅಕ್ಕ | ಮಂಗಳವಾರ ಬೆಳಿಗ್ಗೆ 8:15

ರಾಣೆಬೆನ್ನೂರಿನವರೇ, ನಿಮ್ಮ ಮೆಸೇಜ್‌ನಲ್ಲಿ ಅವರು ಮಾಡಬೇಕಾದ ಕೆಲಸ ಇತ್ತು, ನೀವು ಕೊಡುವ ಸುದ್ದಿ ಇರಲಿಲ್ಲ. ಓಪನಿಂಗ್ ಹುಡುಕುವುದು ಅವರೇ, ನಿಮ್ಮನ್ನು ನೆನಪಿಡುವುದೂ ಅವರೇ. ಫೆಬ್ರವರಿಯಲ್ಲಿ ವಾಟ್ಸಾಪ್ ಬೇಡ, ಆಫೀಸಿನ ಮೇಲ್‌ಗೆ ಒಂದೇ ಸಲ ಬರೆಯಿರಿ. ಲೈಸೆನ್ಸ್ ಬಂದಿದೆ, ಸ್ವಂತ ಬೈಕ್ ಇದೆ, ಯಾವ ತಾಲೂಕುಗಳನ್ನು ಸುತ್ತಬಲ್ಲಿರಿ, ಇಷ್ಟು ಸಾಕು. ಅವರು ಉತ್ತರ ಕೊಡುತ್ತಾರೆ ಅಂತ ನಾನು ಮಾತು ಕೊಡಲಾರೆ. ಬ್ಲಾಕ್ ಮಾಡುವಷ್ಟು ಬೇಸರ ಆಗಿದ್ದರೆ ಅದು ಬೇಗ ಹೋಗುವುದಿಲ್ಲ. ಅಲ್ಲೇ ಕೆಲಸ ಮಾಡುವ ಗುರುತಿನವರು ಯಾರಾದರೂ ಇದ್ದರೆ ಅವರ ಮೂಲಕ ಹೋಗುವುದು ಒಳ್ಳೆಯದು.

---

ಗೋಕುಲ ರೋಡ್ ಕ್ಯೂಸಿ | ಮಂಗಳವಾರ ಮಧ್ಯಾಹ್ನ 1:30

ಅಕ್ಕಾ, ಕನ್ಸಲ್ಟೆನ್ಸಿಗೆ ನೀವು ಹೇಳಿದ ಹಾಗೇ ಮೆಸೇಜ್ ಹಾಕಿದೆ. ನೋಡಿದ್ದಾರೆ, ಉತ್ತರ ಇಲ್ಲ.

"ಇದೊಂದು" ಬಂದಿದೆ ಅಂತಲೇ ನನ್ನ ನಂಬಿಕೆ. ಜೂನ್‌ನಿಂದ ನಮ್ಮ ಶಾಪ್‌ಗೆ ಒಂದು ಹೊಸ ಬ್ರಾಕೆಟ್ ಪಾರ್ಟ್ ಬಂತು. ಅದರ ಕಾಸ್ಟಿಂಗ್ ಬರುವುದು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಿಂದ. ನಮ್ಮ ಸೀನಿಯರ್ ಬಿಟ್ಟು ಹೋದರು, ಹಾಗಾಗಿ ಫೌಂಡ್ರಿಯ ಪಿಪ್ಯಾಪ್ ಪೂರ್ತಿ ನನ್ನ ತಲೆಯ ಮೇಲೆ ಬಿತ್ತು. ಲೆವೆಲ್ 3. ನಾಲ್ಕು ಸಲ ಬೆಳಗಾವಿಗೆ ಹೋಗಿ ಬಂದೆ. ಸೆಪ್ಟೆಂಬರ್‌ನಲ್ಲಿ ಕಸ್ಟಮರ್ ಸಹಿ ಆಯಿತು.

ಮೇಲ್ ಬರೆದಿದ್ದೇನೆ. ಕಳಿಸುವಾಗ ಇಂಗ್ಲಿಷಿನಲ್ಲಿ ಕಳಿಸುತ್ತೇನೆ, ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ:

"ಮಾನ್ಯ ಮೇಡಂ, ನೀವು ಆರೋಗ್ಯವಾಗಿದ್ದೀರಿ ಎಂದು ಭಾವಿಸುತ್ತೇನೆ. ನಾನು ಮಾರ್ಚ್‌ನಲ್ಲಿ ನಿಮ್ಮ ಸಂಸ್ಥೆಯಲ್ಲಿ ಸಂದರ್ಶನಕ್ಕೆ ಹಾಜರಾಗಿದ್ದೆ. ದುರದೃಷ್ಟವಶಾತ್ ಆಯ್ಕೆ ಆಗಲಿಲ್ಲ. ಆ ಬಳಿಕ ನಾನು ನನ್ನ ಕೌಶಲ್ಯಗಳನ್ನು ಬಹಳ ಹೆಚ್ಚಿಸಿಕೊಂಡಿದ್ದೇನೆ. ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕೆಲಸ ಮಾಡುವುದು ನನ್ನ ಕನಸು. ದಯವಿಟ್ಟು ಇನ್ನೊಂದು ಅವಕಾಶ ಕೊಡಬೇಕೆಂದು ಪ್ರಾರ್ಥಿಸುತ್ತೇನೆ."

---

ತಾರಿಹಾಳ ಶಾಪ್ ಫ್ಲೋರ್ | ಮಂಗಳವಾರ ಸಂಜೆ 7:10

ನಾನು ಎಚ್‌ಆರ್ ಅಲ್ಲ, ಕ್ವಾಲಿಟಿ ಮ್ಯಾನೇಜರ್. ಹದಿನೇಳು ವರ್ಷದಿಂದ ಹುಡುಗರ ಇಂಟರ್‌ವ್ಯೂ ಮಾಡುತ್ತಿದ್ದೇನೆ. ಎಚ್‌ಆರ್‌ನವರು ಇಂಥ ಮೇಲ್‌ಗಳನ್ನು ನಮಗೆ ಫಾರ್ವರ್ಡ್ ಮಾಡುತ್ತಾರೆ, ಆದ್ದರಿಂದ ನಾನು ಓದುವ ಕಣ್ಣಿನಿಂದ ಹೇಳುತ್ತೇನೆ.

ನಿಮ್ಮ ಮೇಲ್‌ನಲ್ಲಿ ಫೌಂಡ್ರಿ ಎಲ್ಲಿ ಹೋಯಿತು? ಇಲ್ಲಿ ಬರೆದ ಪೋಸ್ಟ್‌ನಲ್ಲಿ ಉದ್ಯಮಬಾಗ ಇದೆ, ನಾಲ್ಕು ಸಲ ಹೋಗಿ ಬಂದದ್ದು ಇದೆ. ಮೇಲ್‌ನಲ್ಲಿ "ಕೌಶಲ್ಯ ಹೆಚ್ಚಿಸಿಕೊಂಡಿದ್ದೇನೆ" ಅಷ್ಟೇ ಉಳಿದಿದೆ. ನನಗೆ ಅದರಿಂದ ಏನೂ ತಿಳಿಯಲಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ, ಇಂಟರ್‌ವ್ಯೂನಲ್ಲೂ ಇದನ್ನೇ ಕೇಳುವವನು ನಾನು. ಆ ಪಿಪ್ಯಾಪ್‌ನಲ್ಲಿ ಎಲ್ಲಿ ಸಿಕ್ಕಿಬಿದ್ದಿರಿ? ಎಲ್ಲೂ ಸಿಕ್ಕಿಬೀಳದೆ ಮೊದಲ ಪಿಪ್ಯಾಪ್ ಮುಗಿಸಿದವರನ್ನು ನಾನು ನೋಡಿಲ್ಲ.

---

ಗೋಕುಲ ರೋಡ್ ಕ್ಯೂಸಿ | ಮಂಗಳವಾರ ರಾತ್ರಿ 9:15

ಸರ್, ಗೇಜ್ ಆರ್ ಅಂಡ್ ಆರ್‌ನಲ್ಲಿ, ಅಂದರೆ ಅಳತೆಯ ವ್ಯತ್ಯಾಸದಲ್ಲಿ ಗೇಜ್ ಮತ್ತು ಅಳೆಯುವವರ ಪಾಲು ಎಷ್ಟು ಪರ್ಸೆಂಟ್ ಅಂತ ನೋಡುವ ಪರೀಕ್ಷೆಯಲ್ಲಿ. ಬ್ರಾಕೆಟ್‌ನಲ್ಲಿ 42 ಎಂಎಂ ಬೋರ್ ಇದೆ. ಫೌಂಡ್ರಿಯವರೇ ರಫ್ ಬೋರಿಂಗ್ ಮಾಡಿ ಕಳಿಸುತ್ತಾರೆ, ಅಳತೆಗೆ ಡಯಲ್ ಬೋರ್ ಗೇಜ್. ಮೂರು ಆಪರೇಟರ್, ಹತ್ತು ಪಾರ್ಟ್, ಮೂರು ಮೂರು ಸಲ, ಒಟ್ಟು 90 ರೀಡಿಂಗ್. ಮೊದಲ ಸಲ 27 ಪರ್ಸೆಂಟ್ ಬಂತು. ಅವರು ಗೇಜ್ ಹಳೆಯದು, ಹೊಸದು ತರಿಸುತ್ತೇವೆ ಅಂದರು. ಆದರೆ ಶೀಟ್ ನೋಡಿದರೆ ಒಬ್ಬೊಬ್ಬ ಆಪರೇಟರ್‌ನ ಮೂರೂ ರೀಡಿಂಗ್ ಚೆನ್ನಾಗಿ ಹೊಂದುತ್ತಿದ್ದವು. ವ್ಯತ್ಯಾಸ ಇದ್ದದ್ದು ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ. ಗೇಜ್ ಕೆಟ್ಟಿದ್ದರೆ ಒಬ್ಬನ ರೀಡಿಂಗೇ ಚದುರಬೇಕಿತ್ತು ಅಲ್ವಾ?

ಮೂವರ ಪಕ್ಕದಲ್ಲೂ ನಿಂತು ನೋಡಿದೆ. ಒಬ್ಬ ಬೋರ್‌ನ ಬಾಯಿಯ ಹತ್ತಿರ ಅಳೆಯುತ್ತಿದ್ದ. ಇನ್ನೊಬ್ಬ ಗೇಜನ್ನು ಅರ್ಧದವರೆಗೆ ಇಳಿಸುತ್ತಿದ್ದ. ಮೂರನೆಯವನು ತಳದವರೆಗೆ. ಬೋರ್‌ನಲ್ಲಿ ಸಣ್ಣ ಟೇಪರ್ ಇತ್ತು, ಬಾಯಿಗೂ ತಳಕ್ಕೂ ಅಗಲ ಸ್ವಲ್ಪ ಬೇರೆ, ಹಾಗಾಗಿ ಮೂವರೂ ಅವರವರ ಜಾಗದಲ್ಲಿ ಸರಿಯಾಗಿಯೇ ಅಳೆಯುತ್ತಿದ್ದರು. ಗೇಜಿನ ಕಾಂಡಕ್ಕೆ ಒಂದು ಕಾಲರ್ ಹಾಕಿಸಿ ಆಳ ಕಟ್ಟಿದೆವು. ಶಿಫ್ಟ್ ಶುರುವಿನಲ್ಲಿ ಒಮ್ಮೆ ಮಾತ್ರ ರಿಂಗ್‌ನಲ್ಲಿ ಜೀರೋ ಮಾಡುತ್ತಿದ್ದರು, ಅದನ್ನು ಪ್ರತಿ ಹತ್ತು ರೀಡಿಂಗ್‌ಗೆ ಒಮ್ಮೆ ಅಂತ ಮಾಡಿದೆವು. ಮತ್ತೆ 90 ರೀಡಿಂಗ್ ತೆಗೆದಾಗ 9 ಪರ್ಸೆಂಟ್. ಹೊಸ ಗೇಜ್ ತರಿಸಲೇ ಇಲ್ಲ.

---

ತಾರಿಹಾಳ ಶಾಪ್ ಫ್ಲೋರ್ | ಮಂಗಳವಾರ ರಾತ್ರಿ 9:40

ನೋಡ್ರಿ, ಇದು ಬೇಕಾಗಿತ್ತು. 10ರ ಒಳಗೆ ಬಂದರೆ ಯಾರೂ ಮರುಮಾತಾಡುವುದಿಲ್ಲ, 27ಕ್ಕೆ ಕಸ್ಟಮರ್ ನೂರು ಪ್ರಶ್ನೆ ಕೇಳುತ್ತಾನೆ. ನೀವು ಸಪ್ಲೈಯರ್ ಮಾತು ನಂಬಿ ಗೇಜ್ ಬದಲಿಸಲಿಲ್ಲ, ಪಕ್ಕದಲ್ಲಿ ನಿಂತು ನೋಡಿದಿರಿ. ಸಪ್ಲೈಯರ್ ಕ್ವಾಲಿಟಿಗೆ ನಾನು ಹುಡುಕುವುದೇ ಅಂಥ ಹುಡುಗನನ್ನು. ಇದನ್ನು ಒಂದು ಸಾಲಿನಲ್ಲಿ ಮೇಲ್‌ನ ತಲೆಯಲ್ಲೇ ಹಾಕಿ. ಮಾರ್ಚ್‌ನಲ್ಲಿ ರಿಜೆಕ್ಟ್ ಆದ ಕಥೆ ಬರೆಯಲೇಬೇಡಿ. ಓದುವವನ ತಲೆಯಲ್ಲಿ ಮೊದಲು "ರಿಜೆಕ್ಟ್" ಅನ್ನುವ ಪದ ಕೂತರೆ ಮುಂದಿನದು ಓಡುವುದಿಲ್ಲ.

---

ಮಾಳಮಡ್ಡಿ ಅಕ್ಕ | ಮಂಗಳವಾರ ರಾತ್ರಿ 10:25

ಸರ್ ಹೇಳಿದ ಕೊನೆಯ ಮಾತು ನಾನು ಒಪ್ಪುವುದಿಲ್ಲ. ಮ್ಯಾನೇಜರ್‌ಗೆ ಆ ಕಥೆ ಬೇಡ, ನಿಜ. ಆದರೆ ಮೇಲ್ ಮೊದಲು ತೆರೆಯುವುದು ರಿಕ್ರೂಟರ್. ಎಂಟು ತಿಂಗಳಲ್ಲಿ ಅವರು ನೂರಾರು ಜನರ ಜೊತೆ ಮಾತಾಡಿರುತ್ತಾರೆ. "ಯಾರಪ್ಪಾ ಇವನು" ಅಂತ ಸಿಸ್ಟಮ್ ತೆರೆದು ಹುಡುಕಿದ ತಕ್ಷಣ ಕಾಣುವುದೇ ರಿಜೆಕ್ಟ್ ಅನ್ನುವ ಗುರುತು. ಅದನ್ನು ನೀವೇ ಮೊದಲು, ಅದರ ಕಾರಣದ ಜೊತೆ ಹೇಳಿದರೆ ಅವರು ದಾಖಲೆ ತೆರೆದಾಗ ನಿಮ್ಮ ಮಾತೇ ಅಲ್ಲಿ ಸಿಗುತ್ತದೆ. "ದುರದೃಷ್ಟವಶಾತ್" ಬೇಡ. ಪ್ರಾರ್ಥನೆಯೂ ಬೇಡ. ಕಾರಣ, ಅದಕ್ಕೆ ನೀವು ಮಾಡಿದ ಕೆಲಸ, ಅಷ್ಟೇ.

ತಮ್ಮಾ, ಹೊಸ ಮೇಲ್ ಶುರು ಮಾಡಬೇಡಿ. ಮಾರ್ಚ್‌ನಲ್ಲಿ ಬಂದ ಆ ಎರಡು ಸಾಲಿನ ಮೇಲ್‌ಗೇ ರಿಪ್ಲೈ ಕೊಡಿ. ಕೆಳಗೆ ಹಳೆಯ ಮಾತೆಲ್ಲ ಇರುತ್ತದೆ, ಅವರಿಗೆ ಹುಡುಕುವ ಕೆಲಸ ಇಲ್ಲ. ಸಬ್ಜೆಕ್ಟ್ ಸಾಲಿನ ಕೊನೆಗೆ ಹೊಸ ಜಾಬ್ ಐಡಿ ಸೇರಿಸಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಮೇಡಂ, ಮಾರ್ಚ್‌ನಲ್ಲಿ ಸಪ್ಲೈಯರ್ ಕ್ವಾಲಿಟಿ ಹುದ್ದೆಗೆ ಎರಡು ರೌಂಡ್ ಕೊಟ್ಟಿದ್ದೆ. ಸಪ್ಲೈಯರ್ ಕಡೆಯ ಪಿಪ್ಯಾಪ್ ಅನುಭವ ಇಲ್ಲ ಅಂತ ನೀವು ಹೇಳಿದ್ದಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಫೌಂಡ್ರಿಯ ಲೆವೆಲ್ 3 ಪಿಪ್ಯಾಪ್ ನಾನೇ ಮಾಡಿಸಿ ಮುಗಿಸಿದ್ದೇನೆ, ಅದರಲ್ಲಿ ಬೋರ್ ಗೇಜ್‌ನ ಆರ್ ಅಂಡ್ ಆರ್ 27ರಿಂದ 9 ಪರ್ಸೆಂಟ್‌ಗೆ ತಂದೆವು. ಈಗಿನ ಸಪ್ಲೈಯರ್ ಡೆವಲಪ್‌ಮೆಂಟ್ ಹುದ್ದೆಗೆ ನನ್ನನ್ನು ಮತ್ತೆ ನೋಡಬಹುದಾ? ನೇರವಾಗಿ ಸೈಟಿನಲ್ಲಿ ಅಪ್ಲೈ ಮಾಡಲಾ, ಅಥವಾ ಹಳೆಯ ಪ್ರೊಫೈಲ್‌ನಿಂದಲೇ ನೀವು ಮುಂದುವರಿಸುತ್ತೀರಾ? ಹೊಸ ರೆಸ್ಯೂಮೆ ಜೊತೆಗಿದೆ."

ಕೊನೆಯ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ಅದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು, ಹಾಗಾಗಿ ಉತ್ತರ ಬರುವುದು ಜಾಸ್ತಿ. ಅಪ್ಲೈ ಬಟನ್ ಒತ್ತುವ ಮುಂಚೆ ಕೇಳಿ ಅಂತ ನಾನು ಹೇಳಿದ್ದೂ ಇದಕ್ಕೇ. ಕೆಲವು ಸಿಸ್ಟಮ್‌ಗಳಲ್ಲಿ ಅವರು ಹಳೆಯ ಪ್ರೊಫೈಲನ್ನು ಹೊಸ ಜಾಬ್ ಐಡಿಗೆ ಒಂದೇ ಕ್ಲಿಕ್‌ನಲ್ಲಿ ಜೋಡಿಸುತ್ತಾರೆ.

ಇನ್ನೊಂದು ವಿಷಯ ಸಂಬಳ. ಮಾರ್ಚ್‌ನಲ್ಲಿ ಎಷ್ಟು ಹೇಳಿದ್ದಿರಿ?

---

ಗೋಕುಲ ರೋಡ್ ಕ್ಯೂಸಿ | ಮಂಗಳವಾರ ರಾತ್ರಿ 10:50

ಆಗ ನನ್ನ ಸಿಟಿಸಿ 4.2 ಲಕ್ಷ. 6.5 ಕೇಳಿದ್ದೆ. ಜುಲೈನಲ್ಲಿ ಇನ್ಕ್ರಿಮೆಂಟ್ ಆಗಿ ಈಗ 4.6. ಈ ಸಲ 6 ಕೇಳೋಣ ಅಂತಿದ್ದೇನೆ. ಕಡಿಮೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ ಅಲ್ವಾ?

---

ಮಾಳಮಡ್ಡಿ ಅಕ್ಕ | ಮಂಗಳವಾರ ರಾತ್ರಿ 11:05

4.2 ಮತ್ತು 4.6, ಎರಡಕ್ಕೂ ಸ್ಯಾಲರಿ ಸ್ಲಿಪ್ ಇರುತ್ತದೆ, ಅಲ್ಲಿ ತೊಂದರೆ ಇಲ್ಲ. ಇನ್ಕ್ರಿಮೆಂಟ್ ಲೆಟರ್ ತೆಗೆದಿಟ್ಟುಕೊಳ್ಳಿ. ಆದರೆ ನಿಮ್ಮ ಸಂಬಳ ಏರಿದ ಮೇಲೆ, ಅನುಭವವೂ ಸೇರಿದ ಮೇಲೆ ಕೇಳುವ ಮೊತ್ತ ಇಳಿದರೆ ನಾನಂತೂ ಅನುಮಾನ ಪಡುತ್ತಿದ್ದೆ. ಅಲ್ಲೇನಾದರೂ ಕೆಲಸಕ್ಕೆ ಕುತ್ತು ಬಂದಿದೆಯಾ ಅಂತ. ಅವರಾಗಿ ಕೇಳುವ ತನಕ ಮೊತ್ತ ಹೇಳಬೇಡಿ. ಕೇಳಿದರೆ, "ಮಾರ್ಚ್‌ನಲ್ಲಿ 6.5 ಹೇಳಿದ್ದೆ, ಈ ಹುದ್ದೆಗೆ ನಿಮ್ಮ ರೇಂಜ್ ಏನಿದೆ" ಅಂತ ಕೇಳಿ.

---

ನವನಗರ ಟೆಕ್ | ಬುಧವಾರ ಬೆಳಿಗ್ಗೆ 8:00

ಹೊಸ ಮೇಲ್ ಐಡಿ ವಿಷಯ ನಾನು ಹೇಳಿದ್ದು ತಪ್ಪಾಯಿತು, ಒಪ್ಪುತ್ತೇನೆ. ಒಂದು ಡೌಟ್ ಇದೆ. ಆ ಮೇಡಂ ಅಲ್ಲೇ ಇದ್ದಾರೆ ಅಂತ ಏನು ಗ್ಯಾರಂಟಿ? ನಮ್ಮಲ್ಲಿ ಎಚ್‌ಆರ್‌ನವರೇ ವರ್ಷಕ್ಕೊಮ್ಮೆ ಬದಲಾಗುತ್ತಾರೆ.

---

ಮಾಳಮಡ್ಡಿ ಅಕ್ಕ | ಬುಧವಾರ ಬೆಳಿಗ್ಗೆ 9:10

ಒಳ್ಳೆಯ ಪ್ರಶ್ನೆ. ಕಳಿಸುವ ಮುಂಚೆ ಲಿಂಕ್ಡ್‌ಇನ್‌ನಲ್ಲಿ ಅವರು ಈಗ ಎಲ್ಲಿದ್ದಾರೆ ನೋಡಿ. ಬಿಟ್ಟು ಹೋಗಿದ್ದರೆ ಆ ಮೇಲ್ ವಾಪಸ್ ಬರಬಹುದು, ಅಥವಾ ಯಾರೂ ತೆರೆಯದ ಡಬ್ಬಿಯಲ್ಲಿ ಬಿದ್ದಿರಬಹುದು. ಎರಡನೆಯದು ಕೆಟ್ಟದ್ದು, ಗೊತ್ತೇ ಆಗುವುದಿಲ್ಲ. ಹಾಗಾದಾಗ ಈಗಿನ ಹುದ್ದೆ ಹಾಕಿದವರು ಯಾರು ಅಂತ ಹುಡುಕಿ ಅವರಿಗೆ ಇದೇ ಮೇಲ್ ಬರೆಯಬೇಕು. ಹಳೆಯ ಮೇಡಂ ಬೇರೆ ಕಂಪನಿಗೆ ಹೋಗಿದ್ದರೆ ಅವರ ಜೊತೆಗೂ ಸಂಪರ್ಕ ಇಟ್ಟುಕೊಳ್ಳಿ, ಅಲ್ಲಿ ಅವರು ಬೇರೆ ಹುದ್ದೆಗಳಿಗೆ ಜನ ಹುಡುಕುತ್ತಿರುತ್ತಾರೆ.

ಉತ್ತರ ಬರದಿದ್ದರೆ ಐದಾರು ಕೆಲಸದ ದಿನ ಬಿಟ್ಟು ಅದೇ ಮೇಲ್‌ಗೆ ಒಂದು ಸಾಲು ಸೇರಿಸಿ. ಆಮೇಲೂ ಇಲ್ಲ ಅಂದರೆ ಸೈಟಿನಲ್ಲಿ ಅಪ್ಲೈ ಮಾಡಿ, ಅಲ್ಲಿಗೆ ಬಿಟ್ಟುಬಿಡಿ. ಮೂರನೆಯ ಮೇಲ್‌ನಿಂದ ಒಳ್ಳೆಯದಾದದ್ದನ್ನು ನಾನು ನೋಡಿಲ್ಲ.

---

ಗೋಕುಲ ರೋಡ್ ಕ್ಯೂಸಿ | ಬುಧವಾರ ಮಧ್ಯಾಹ್ನ 1:20

ಮೇಡಂ ಅಲ್ಲೇ ಇದ್ದಾರೆ. ಊಟದ ಹೊತ್ತಿಗೆ ಮೇಲ್ ಕಳಿಸಿದೆ, ಅಕ್ಕ ಬರೆದದ್ದೇ ಹೆಚ್ಚುಕಡಿಮೆ. ಕಳಿಸಿ ಎರಡು ಗಂಟೆ ಫೋನ್ ನೋಡಬಾರದು ಅಂತ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ, ಇದನ್ನು ಆಫೀಸ್ ಕಂಪ್ಯೂಟರ್‌ನಿಂದ ಬರೆಯುತ್ತಿದ್ದೇನೆ.

---

ತಾರಿಹಾಳ ಶಾಪ್ ಫ್ಲೋರ್ | ಬುಧವಾರ ಮಧ್ಯಾಹ್ನ 1:45

ಆಫೀಸ್ ಕಂಪ್ಯೂಟರ್‌ನಿಂದ ಬೇಡ ತಮ್ಮಾ, ಮೊದಲು ಲಾಗೌಟ್ ಆಗು.

---

ಗೋಕುಲ ರೋಡ್ ಕ್ಯೂಸಿ | ಶುಕ್ರವಾರ ಸಂಜೆ 6:30

ಉತ್ತರ ಬಂತು! ಮೇಡಂ ಬರೆದದ್ದು: ನೆನಪಿದೆ, ಇದು ಹೊಸ ಹುದ್ದೆ, ಮ್ಯಾನೇಜರ್ ಬೇರೆ. ಸೈಟಿನಲ್ಲಿ ಅಪ್ಲೈ ಮಾಡಬೇಡಿ, ಹಳೆಯ ಪ್ರೊಫೈಲ್ ನಾನೇ ಜೋಡಿಸುತ್ತೇನೆ. ಈಗಿನ ಸಿಟಿಸಿ ಮತ್ತು ನೋಟಿಸ್ ಪಿರಿಯಡ್ ತಿಳಿಸಿ. ಗುರುವಾರ ಬೆಳಿಗ್ಗೆ 11ಕ್ಕೆ ಟೆಕ್ನಿಕಲ್ ರೌಂಡ್.

ಮೇಲ್‌ನ ಕೊನೆಯಲ್ಲಿ ಒಂದು ಸಾಲು ಇತ್ತು: "ಒಂದು ಕನ್ಸಲ್ಟೆನ್ಸಿಯಿಂದಲೂ ನಿಮ್ಮ ಪ್ರೊಫೈಲ್ ಬಂದಿದೆ, ನೀವು ಒಪ್ಪಿಗೆ ಕೊಟ್ಟಿದ್ದೀರಾ?" ನನ್ನ ಕೈಕಾಲು ತಣ್ಣಗಾಯಿತು. ಮಂಗಳವಾರ ಹಾಕಿದ ಮೆಸೇಜ್‌ನ ಫೋಟೋ ಕಳಿಸಿದೆ. "ಸರಿ, ನಾನು ನೋಡಿಕೊಳ್ಳುತ್ತೇನೆ" ಅಂದರು. ಅಕ್ಕಾ, ಬರವಣಿಗೆಯಲ್ಲಿ ಇರಲಿ ಅಂದಿರಲ್ಲ, ಆ ಒಂದು ಮಾತು ನನ್ನನ್ನು ಉಳಿಸಿತು.

ಗುರುವಾರಕ್ಕೆ ನಮ್ಮ ಪಿಪ್ಯಾಪ್ ಫೈಲ್ ತೆಗೆದುಕೊಂಡು ಹೋಗಿ ತೋರಿಸಲಾ?

---

ತಾರಿಹಾಳ ಶಾಪ್ ಫ್ಲೋರ್ | ಶುಕ್ರವಾರ ರಾತ್ರಿ 8:20

ಬೇಡವೇ ಬೇಡ. ಅದು ನಿಮ್ಮ ಕಂಪನಿಯದು, ಅದರಲ್ಲಿ ಕಸ್ಟಮರ್ ಡ್ರಾಯಿಂಗ್ ಇರುತ್ತದೆ. ಇನ್ನೊಂದು ಕಂಪನಿಯ ಫೈಲ್ ನನ್ನ ಮೇಜಿನ ಮೇಲೆ ತಂದಿಟ್ಟ ಹುಡುಗನನ್ನು ನಾನು ತೆಗೆದುಕೊಳ್ಳಲಿಲ್ಲ. ನಾಳೆ ನನ್ನ ಫೈಲನ್ನೂ ಹೀಗೇ ಒಯ್ಯುತ್ತಾನೆ ಅಲ್ವಾ? ಒಂದು ಖಾಲಿ ಹಾಳೆ, ಒಂದು ಪೆನ್ನು ಸಾಕು. ಬೋರ್ ಬರೆದು, ಮೂವರು ಎಲ್ಲೆಲ್ಲಿ ಅಳೆಯುತ್ತಿದ್ದರು ಅಂತ ಮೂರು ಗೆರೆ ಎಳೆದು ತೋರಿಸಿ. ಪಾರ್ಟ್ ಹೆಸರು, ಕಸ್ಟಮರ್ ಹೆಸರು ಬಾಯಿಗೂ ಬರಬಾರದು. ಹೊಸ ಮ್ಯಾನೇಜರ್ ಆದ್ದರಿಂದ ಮಾರ್ಚ್‌ನ ಪ್ಯಾನೆಲ್ ಬಗ್ಗೆ ನೀವಾಗಿ ಎತ್ತಬೇಡಿ. ಇಲ್ಲಿ ಮಾತ್ರ ಅಕ್ಕನೂ ನನ್ನ ಮಾತು ಒಪ್ಪುತ್ತಾರೆ ಅನ್ನಿಸುತ್ತದೆ.

---

ಮಾಳಮಡ್ಡಿ ಅಕ್ಕ | ಶುಕ್ರವಾರ ರಾತ್ರಿ 9:00

ಅರ್ಧ ಒಪ್ಪುತ್ತೇನೆ ಸರ್. ತಾವಾಗಿ ಎತ್ತುವುದು ಬೇಡ. ಆದರೆ ಹಳೆಯ ಶೀಟ್ ಅವರ ಮುಂದೆ ತೆರೆದಿರಬಹುದು. ಕೇಳಿದರೆ ಎರಡೇ ವಾಕ್ಯದಲ್ಲಿ ಹೇಳಿ ಬೋರ್ ಗೇಜ್‌ಗೆ ಬಂದುಬಿಡಲಿ.

---

ಗೋಕುಲ ರೋಡ್ ಕ್ಯೂಸಿ | ಗುರುವಾರ ಮಧ್ಯಾಹ್ನ 3:10

ಮುಗಿಯಿತು. ಐವತ್ತು ನಿಮಿಷ. ಕೂತ ಕೂಡಲೇ ಹೊಸ ಮ್ಯಾನೇಜರ್ "ಮಾರ್ಚ್‌ನಲ್ಲಿ ಬಂದಿದ್ದಿರಂತೆ" ಅಂದರು. ಎರಡು ವಾಕ್ಯ ಹೇಳಿದೆ. ಆಮೇಲೆ ಹಾಳೆ ಕೇಳಿ ಬೋರ್ ಬರೆದೆ. ಮೂರನೆಯ ಗೆರೆ ಎಳೆಯುವಾಗಲೇ ಅವರು ಪೆನ್ನು ತೆಗೆದುಕೊಂಡು ಟೇಪರ್ ತಾವೇ ಬರೆದರು. "ಟೇಪರ್ ಬಂದದ್ದು ಯಾಕೆ, ಅದನ್ನು ಸರಿ ಮಾಡಿಸಿದಿರಾ?" ಅಂತ ಕೇಳಿದರು. ಅಲ್ಲಿ ನಿಂತುಬಿಟ್ಟೆ. ಟೇಪರ್ ಟಾಲರೆನ್ಸ್ ಒಳಗೆ ಇತ್ತು, ಹಾಗಾಗಿ ಫೌಂಡ್ರಿಯ ಬೋರಿಂಗ್ ಮಷಿನ್ ಕಡೆ ನಾನು ನೋಡಲೇ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಏನೋ ಬರೆದುಕೊಂಡರು.

ಮುಂದಿನ ವಾರ ತಿಳಿಸುತ್ತೇವೆ ಅಂದಿದ್ದಾರೆ. ಸಂಬಳದ ಮಾತು ಬರಲಿಲ್ಲ. ಶನಿವಾರ ಹೇಗೂ ಬೆಳಗಾವಿಗೆ ಹೋಗುವುದಿದೆ, ಆ ಮಷಿನ್‌ನ ಬೋರಿಂಗ್ ಬಾರ್ ಎಷ್ಟು ಹೊರಗೆ ಚಾಚಿದೆ ಅಂತ ಅಳೆದು ಬರುತ್ತೇನೆ.

---

ರಾಣೆಬೆನ್ನೂರು ಫೀಲ್ಡ್ | ಗುರುವಾರ ಸಂಜೆ 5:00

ಅಣ್ಣಾ, ಏನಾಯಿತು ಅಂತ ಇಲ್ಲೇ ಬರೆಯಿರಿ. ಅಕ್ಕಾ, ನಾನು ಫೆಬ್ರವರಿಗೆ ಬರೆಯುವ ಮೇಲ್ ಇಲ್ಲಿ ಹಾಕಿದರೆ ಒಮ್ಮೆ ನೋಡುತ್ತೀರಾ?

---

ಮಾಳಮಡ್ಡಿ ಅಕ್ಕ | ಗುರುವಾರ ಸಂಜೆ 5:35

ಹಾಕಿ ತಮ್ಮಾ. ಯಾವ ಯಾವ ತಾಲೂಕು ಅಂತ ಬರೆಯುವುದು ಮರೆಯಬೇಡಿ.